ಎರಡರಿಂದ ಐದರವರೆಗೆ

ನಂದಿನಿ,

ನೀಟ್ ಪೇಪರು ಬೇಗ ಮುಗಿದರೆ ಕೊಟ್ಟು ಬರಬಹುದಾ ಅಂತ ಫೋನಿನಲ್ಲಿ ಕೇಳಿದ್ದೆಯಲ್ಲ, ಬರುವ ಹಾಗಿಲ್ಲ ಮಗಳೇ. ಕಾಲೇಜಿನ ಪರೀಕ್ಷೆಯಲ್ಲಿ ಮೊದಲೇ ಎದ್ದು ಬರುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ನಾಲ್ಕಕ್ಕೇ ಮುಗಿಸಿದರೂ ಐದರವರೆಗೆ ಕೊಠಡಿಯಲ್ಲೇ ಕೂತಿರಬೇಕು.

ನನಗೆ ಚಿಂತೆ ಇರುವುದು ಶೌಚಾಲಯದ ವಿಷಯದಲ್ಲಿ. ಮೊದಲ ಒಂದು ಗಂಟೆ ಮತ್ತು ಕೊನೆಯ ಅರ್ಧ ಗಂಟೆ ಹೊರಗೆ ಬಿಡುವುದಿಲ್ಲ ಎನ್ನುವುದು ನೀಟ್‌ನ ನಿಯಮ. ಅಂದರೆ ನಿನಗೆ ಸಿಗುವುದು ಮೂರರಿಂದ ನಾಲ್ಕೂವರೆಯವರೆಗಿನ ಅವಧಿ ಮಾತ್ರ. ಗೇಟು ಮುಚ್ಚುವುದು ಒಂದೂವರೆಗೆ. ಅದಕ್ಕೂ ಮೊದಲೇ ಒಳಗೆ ಹೋದವಳು ಮೂರರವರೆಗೆ ತಡೆದುಕೊಳ್ಳಬೇಕಾಗುತ್ತದೆ. ಆದ್ದರಿಂದ ತಪಾಸಣೆ ಮುಗಿದ ಕೂಡಲೇ, ಕೊಠಡಿಗೆ ಹೋಗುವ ಮುಂಚೆ, ಬೇಕೆನಿಸದಿದ್ದರೂ ಒಮ್ಮೆ ಹೋಗಿ ಬಾ. ಪಾರದರ್ಶಕ ಬಾಟಲಿಯಲ್ಲಿ ನೀರು ಒಯ್ಯಬಹುದು. ಬಿಸಿಲೆಂದು ಹೊರಗೇ ಗಟಗಟ ಕುಡಿಯದೆ ಒಳಗೆ ಗುಟುಕು ಗುಟುಕಾಗಿ ಕುಡಿ.

ಹಾಗಿದ್ದೂ ಹೋಗಲೇಬೇಕಾದರೆ ಸಂಕೋಚ ಬೇಡ, ಮೇಲ್ವಿಚಾರಕರಿಗೆ ಹೇಳಿ ಹೋಗು. ಪುಸ್ತಿಕೆ, ಓಎಂಆರ್ ಹಾಳೆ ಕೊಠಡಿಯಲ್ಲೇ ಉಳಿಯಲಿ. ಮರಳುವಾಗ ಮತ್ತೆ ತಪಾಸಣೆ, ಮತ್ತೆ ಬೆರಳಚ್ಚು ಆಗಬಹುದು. ಹೆಣ್ಣುಮಕ್ಕಳನ್ನು ಮಹಿಳಾ ಸಿಬ್ಬಂದಿಯೇ ತಪಾಸಣೆ ಮಾಡುತ್ತಾರೆ, ಹೆದರಬೇಡ. ಆದರೆ ಹೊತ್ತು ಹೋಗುತ್ತದೆ. 2025ರಿಂದ 180 ನಿಮಿಷಕ್ಕೆ 180 ಪ್ರಶ್ನೆ. ಹೋಗಿ ಬರಲು ಹತ್ತು ನಿಮಿಷ ಹಿಡಿದರೆ ಹತ್ತು ಪ್ರಶ್ನೆಯ ವೇಳೆ ಕಳೆದಂತೆ, ಕಳೆದ ನಿಮಿಷಗಳನ್ನು ಯಾರೂ ಮರಳಿ ಕೊಡುವುದಿಲ್ಲ. ನೀನು ಜೀವಶಾಸ್ತ್ರ ಮೊದಲು ಮಾಡುವವಳು. ಆ 90 ಪ್ರಶ್ನೆ ಮುಗಿದು ಭೌತಶಾಸ್ತ್ರ ಹಿಡಿಯುವ ಮುನ್ನ, ಮೂರು ದಾಟಿದ ಹೊತ್ತಿಗೆ ಹೋದರೆ ಅರ್ಧ ಮಾಡಿದ ಲೆಕ್ಕ ತಲೆಯಿಂದ ಜಾರುವ ಭಯವಿಲ್ಲ. ನಾಲ್ಕೂವರೆ ಹತ್ತಿರವಾದ ಮೇಲೆ ಕೇಳಿಕೊಳ್ಳುವ ಪರಿಸ್ಥಿತಿ ತಂದುಕೊಳ್ಳಬೇಡ.

ಬೇಗ ಮುಗಿಸಿ ಕೂತವರಿಗೆ ಇನ್ನೊಂದು ಅಪಾಯವಿದೆ. ಬಿಟ್ಟಿದ್ದ ಪ್ರಶ್ನೆಗಳಿಗೆಲ್ಲ ಊಹೆಯ ಉತ್ತರ ತುಂಬಲು ಕೈ ತುರಿಸುತ್ತದೆ. ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಎರಡು ಆಯ್ಕೆಗಳನ್ನು ಖಚಿತವಾಗಿ ತೆಗೆದುಹಾಕಿದ್ದರೆ ಮಾತ್ರ ತುಂಬು. ಉಳಿದ ಹೊತ್ತಿನಲ್ಲಿ ಪುಸ್ತಿಕೆಯ ಸಂಖ್ಯೆ, ನಿನ್ನ ಕ್ರಮಸಂಖ್ಯೆ ಸರಿ ಇವೆಯೇ ನೋಡಿಕೋ. 47ನೇ ಪ್ರಶ್ನೆ ಬಿಟ್ಟು 48ರ ಉತ್ತರವನ್ನು 47ರ ಸಾಲಿಗೆ ತುಂಬಿಬಿಟ್ಟರೆ ಪೆನ್ನಿನ ಗುರುತು ಅಳಿಸಲಾಗದು. ಅದಕ್ಕೇ ಪ್ರಶ್ನೆಯ ಸಂಖ್ಯೆಗೂ ಸಾಲಿಗೂ ತಾಳೆಯಾಗುತ್ತಿದೆಯೇ ಎಂಬುದನ್ನು ಕೊನೆಗೆ ಇಟ್ಟುಕೊಳ್ಳದೆ ಪ್ರತಿ ಹತ್ತು ಪ್ರಶ್ನೆಗೊಮ್ಮೆ ನೋಡುತ್ತಾ ಹೋಗು.

ಐದಾದಾಗ ಓಎಂಆರ್‌ನ ಮೂಲಪ್ರತಿ, ಕಚೇರಿ ಪ್ರತಿ ಎರಡನ್ನೂ ಕೊಡಬೇಕು, ಪ್ರಶ್ನೆಪುಸ್ತಿಕೆ ಮಾತ್ರ ನಿನ್ನದು. ಹಾಜರಿ ಹಾಳೆಯಲ್ಲಿ ಎರಡನೇ ಸಲ ಸಹಿ ಮಾಡದೆ ಏಳಬೇಡ. ಆ ಸಹಿ ಇಲ್ಲದಿದ್ದರೆ ಉತ್ತರ ಹಾಳೆ ಕೊಟ್ಟೇ ಇಲ್ಲವೆಂದು ಎಣಿಸಿ ಅಕ್ರಮದ ಪ್ರಕರಣ ಮಾಡುತ್ತಾರೆ. ಪ್ರವೇಶಪತ್ರ ಬಂದ ದಿನ ಅದರ ಸೂಚನೆಗಳನ್ನು ಪೂರ್ತಿ ಓದಿ ನನಗೊಂದು ಫೋನು ಮಾಡು. ಈ ವರ್ಷ ಏನಾದರೂ ಬದಲಾಗಿದ್ದರೆ ಇಬ್ಬರೂ ಕೂತು ನೋಡೋಣ.

ನಿನ್ನ ದೊಡ್ಡಪ್ಪ