‘ಶ್ರೀಯುತ...’ ಎಂದ ಮೇಲೆ ಹೆಸರು ಬಾರದಿದ್ದರೆ

ಅಭ್ಯಾಸ ಬೋಧನೆಗೆಂದು ನಮ್ಮ ಆರು ಜನರ ತಂಡ ಹೋಗಿದ್ದ ಪ್ರೌಢಶಾಲೆಯಲ್ಲಿ ಫೆಬ್ರವರಿ 28ರಂದು ರಾಷ್ಟ್ರೀಯ ವಿಜ್ಞಾನ ದಿನಾಚರಣೆ ಇತ್ತು. ಸ್ವಾಗತ, ಪ್ರಾಸ್ತಾವಿಕ, ನಿರೂಪಣೆ, ವಂದನಾರ್ಪಣೆ ಎಲ್ಲವನ್ನೂ ಸಹಪಾಠಿಗಳು ಹಂಚಿಕೊಂಡರು. ಮುಖ್ಯ ಅತಿಥಿಗಳ ಪರಿಚಯ ನನ್ನ ಪಾಲಿಗೆ ಬಂತು. ಅತಿಥಿಗಳು ಅದೇ ತಾಲ್ಲೂಕಿನಲ್ಲಿ 31 ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದ ಶಿಕ್ಷಕರು. ಹಿಂದಿನ ಸಂಜೆ ಅವರ ಮನೆಗೇ ಹೋಗಿ, ಕಾಫಿ ಕುಡಿದು, ವಿವರಗಳನ್ನು ಬರೆದುಕೊಂಡು ಬಂದಿದ್ದೆ. ರಾತ್ರಿ ಒಂದು ಪುಟವನ್ನು ಚಾಚೂ ತಪ್ಪದಂತೆ ಕಂಠಪಾಠ ಮಾಡಿದ್ದೆ. ಚೀಟಿ ಹಿಡಿದು ಓದಿದರೆ ಮರ್ಯಾದೆಯಲ್ಲ ಎಂದುಕೊಂಡು ಬರಿಗೈಯಲ್ಲಿ ವೇದಿಕೆ ಹತ್ತಿದೆ.

“ಮೂವತ್ತೊಂದು ವರ್ಷ ಈ ತಾಲ್ಲೂಕಿನ ಮಕ್ಕಳಿಗೆ ವಿಜ್ಞಾನ ಕಲಿಸಿದ, ಹಳೆಯ ಬಲ್ಬು, ಸೈಕಲ್ ಟ್ಯೂಬುಗಳಿಂದಲೇ ಪ್ರಯೋಗಶಾಲೆ ಕಟ್ಟಿದ, ನಮ್ಮೆಲ್ಲರ ಗೌರವಕ್ಕೆ ಪಾತ್ರರಾದ ಶ್ರೀಯುತ...”

ಅಲ್ಲಿಗೆ ನಿಂತಿತು. ಹೆಸರು ‘ಶಿ’ ಅಕ್ಷರದಿಂದ ಶುರುವಾಗುತ್ತದೆ ಎಂಬುದು ಗೊತ್ತಿತ್ತು, ಉದ್ದನೆಯ ಹೆಸರು ಎಂಬುದೂ ಗೊತ್ತಿತ್ತು. ಆದರೆ ನಾಲಿಗೆಗೆ ಬರುತ್ತಿದ್ದುದು ಪದವಿ ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಹೇಳಿದ ಇನ್ನೊಬ್ಬ ‘ಶಿ’ ಹೆಸರಿನ ಮೇಷ್ಟ್ರು ಮಾತ್ರ. ನಾನು ನಾಲಿಗೆ ಕಚ್ಚಿಕೊಂಡೆ, ಹಣೆಗೆ ಕೈ ಹಚ್ಚಿದೆ, “ಸಾರಿ ಸರ್, ಟೆನ್ಷನ್‌ನಲ್ಲಿ ಮರ್ತೋಯ್ತು” ಎಂದು ನಕ್ಕೆ. ತಿರುಗಿ ಬ್ಯಾನರ್ ನೋಡಿದರೆ ಹೆಸರಿದ್ದ ಜಾಗಕ್ಕೆ ಸರಿಯಾಗಿ ಅತಿಥಿಗಳ ಕುರ್ಚಿಯ ಬೆನ್ನು. ಕೊನೆಗೆ ಪಕ್ಕದಿಂದ ಗೆಳತಿಯೊಬ್ಬಳು ಕೂಗಿ ಹೇಳಿದಳು. ಸಹಪಾಠಿ ವೀಕ್ಷಕರ ಹಾಳೆಯಲ್ಲಿ ಆ ನಿಲುಗಡೆ 14 ಸೆಕೆಂಡು ಎಂದು ದಾಖಲಾಗಿದೆ. ನನಗೆ ಒಂದು ಪಿರಿಯಡ್ ಕಳೆದಂತಾಗಿತ್ತು.

ಇಷ್ಟೇ ಆಗಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಇಪ್ಪತ್ತು ನಿಮಿಷದ ನಂತರ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸಿ. ವಿ. ರಾಮನ್ ಅವರ ಬಗ್ಗೆ ಮಾತಾಡಲು ಬಂದಳು. 1928ರಲ್ಲಿ ಅವರು ರಾಮನ್ ಪರಿಣಾಮವನ್ನು ಕಂಡುಹಿಡಿದರು ಎಂಬಲ್ಲಿಗೆ ಅವಳ ಮುಂದಿನ ಸಾಲು ತಪ್ಪಿತು. ಅವಳು ನಾಲಿಗೆ ಕಚ್ಚಿಕೊಂಡಳು, ಹಣೆಗೆ ಕೈ ಹಚ್ಚಿದಳು, “ಸಾರಿ ಮಿಸ್, ಟೆನ್ಷನ್” ಎಂದು ಕೆಳಗಿಳಿದು ಹೋಗಿಬಿಟ್ಟಳು. ಸಂಜೆ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ನನ್ನ ಕಡತಕ್ಕೆ ಸಹಿ ಹಾಕುತ್ತಾ ಅಂದರು: “ಆ ಹುಡುಗಿಗೆ ಇವತ್ತು ನೀನೊಂದು ಪಾಠ ಮಾಡಿದೆಯಮ್ಮ, ಪಾಠಯೋಜನೆ ಇಲ್ಲದೆ.”

ಆ ಮಾತು ಚುಚ್ಚಿತು. ಮರೆವು ನನ್ನ ಕೈಯಲ್ಲಿರಲಿಲ್ಲ, ಒಪ್ಪುತ್ತೇನೆ. ಮರೆತ ಮೇಲಿನ 14 ಸೆಕೆಂಡು ನನ್ನ ಕೈಯಲ್ಲಿತ್ತು.

ಅಲ್ಲೇ ಏಕೆ ತಪ್ಪುತ್ತದೆ

ನಮ್ಮ ವೇದಿಕೆ ಕನ್ನಡದ ವಾಕ್ಯ ಕಟ್ಟುವ ರೀತಿಯನ್ನು ಒಮ್ಮೆ ಗಮನಿಸಿ. ಕಲಿಸಿದ, ಕಟ್ಟಿದ, ಪಾತ್ರರಾದ ಎಂದು ವಿಶೇಷಣಗಳೆಲ್ಲ ಮೊದಲು ಸಾಲಾಗಿ ಬರುತ್ತವೆ, ಹೆಸರು ಕೊನೆಗೆ ಬರುತ್ತದೆ. ಉಸಿರು ಮುಗಿಯುತ್ತಿರುವಾಗ, ಸಭೆಯೆಲ್ಲ ಕಿವಿ ನಿಮಿರಿಸಿರುವಾಗ, ಹಿಂದಕ್ಕೆ ಹೋಗಲು ದಾರಿಯಿಲ್ಲದ ಜಾಗದಲ್ಲಿ ಹೆಸರು ಬೇಕಾಗುತ್ತದೆ. ಹೆಸರನ್ನು ಮೊದಲ ವಾಕ್ಯದಲ್ಲೇ ಹೇಳಿ ಮುಗಿಸಿ, ವಿವರವನ್ನು ಆಮೇಲೆ ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳಿದ್ದರೆ ನಾನು ಆ ಹಳ್ಳಕ್ಕೆ ಬೀಳುತ್ತಿರಲಿಲ್ಲ.

ಹೆಸರು ಎಂಬುದೇ ನೆನಪಿಗೆ ಕಷ್ಟದ ವಸ್ತು. 1987ರಲ್ಲಿ ಬ್ರಿಟನ್ನಿನ ಸಂಶೋಧಕರು ಒಂದೇ ಪದವನ್ನು ಒಮ್ಮೆ ವ್ಯಕ್ತಿಯ ಹೆಸರೆಂದೂ ಇನ್ನೊಮ್ಮೆ ಅವನ ವೃತ್ತಿಯೆಂದೂ ಮುಖದ ಜೊತೆ ಕಲಿಸಿ ನೋಡಿದರು. ವೃತ್ತಿಯಾಗಿ ಕಲಿತದ್ದು ನೆನಪಾದಷ್ಟು ಸುಲಭವಾಗಿ ಹೆಸರಾಗಿ ಕಲಿತದ್ದು ನೆನಪಾಗಲಿಲ್ಲ. ನಮ್ಮ ಕಡೆಯ ‘ಬಡಿಗೇರ’ವನ್ನೇ ತೆಗೆದುಕೊಳ್ಳಿ. ಇವರು ಬಡಿಗೇರರು, ಮರಗೆಲಸದವರು ಎಂದರೆ ಉಳಿ, ರಂದ, ಮರದ ವಾಸನೆ ಎಲ್ಲ ಜೊತೆಗೆ ಬರುತ್ತವೆ. ಇವರ ಅಡ್ಡಹೆಸರು ಬಡಿಗೇರ ಎಂದರೆ ಅದಕ್ಕೆ ಅಂಟಿಕೊಳ್ಳಲು ಏನೂ ಇಲ್ಲ. ಆ ದಿನ ನನಗೆ ಸೈಕಲ್ ಟ್ಯೂಬು ನೆನಪಿತ್ತು, ಅವರ ಮನೆಯ ಕಾಫಿ ನೆನಪಿತ್ತು, ಹೆಸರು ಮಾತ್ರ ಇರಲಿಲ್ಲ.

ಮೊದಲಕ್ಷರ ಗೊತ್ತಿದ್ದು ಪದ ಬಾರದ ಸ್ಥಿತಿಯನ್ನು ಬ್ರೌನ್ ಮತ್ತು ಮೆಕ್‌ನೀಲ್ 1966ರಲ್ಲಿ ಅಧ್ಯಯನ ಮಾಡಿದ್ದರು. ‘ಬಾಯಲ್ಲೇ ಇದೆ, ಬರ್ತಾ ಇಲ್ಲ’ ಎಂದು ನಾವು ಹೇಳುವುದು ಇದನ್ನೇ. ನಮಗೆ ಹೆಚ್ಚು ಉಪಯೋಗದ್ದು 2008ರ ಒಂದು ಪ್ರಯೋಗ. ಕೆನಡಾದ ವಾರಿನರ್ ಮತ್ತು ಹಂಫ್ರೀಸ್ ಎಂಬ ಸಂಶೋಧಕರು ಪದ ಬಾರದೆ ಒದ್ದಾಡುವವರನ್ನು ಕೆಲವೊಮ್ಮೆ 10 ಸೆಕೆಂಡು, ಕೆಲವೊಮ್ಮೆ 30 ಸೆಕೆಂಡು ಹಾಗೇ ಬಿಟ್ಟು, ಆಮೇಲೆ ಉತ್ತರ ಹೇಳಿದರು. ಎರಡು ದಿನ ಬಿಟ್ಟು ಕೇಳಿದಾಗ, ಹೆಚ್ಚು ಹೊತ್ತು ಒದ್ದಾಡಿದ ಪದಗಳಲ್ಲೇ ಮತ್ತೆ ಸಿಕ್ಕಿಕೊಳ್ಳುವುದು ಹೆಚ್ಚಾಗಿತ್ತು. ಒದ್ದಾಡಿದಷ್ಟೂ ಆ ತಪ್ಪು ದಾರಿಯೇ ಸವೆದು ರೂಢಿಯಾಗುತ್ತದೆ. ಹಾಗಾಗಿ ವೇದಿಕೆಯ ಮೇಲೆ ನಿಂತು ಹೆಸರನ್ನು ಹುಡುಕಬಾರದು. ಅದನ್ನು ಬಿಟ್ಟು ಮುಂದೆ ಹೋಗಬೇಕು, ಕಾಗದದಿಂದ ತೆಗೆದುಕೊಳ್ಳಬೇಕು.

ವಾಕ್ಯವನ್ನು ಮುಗಿಸುವುದು

ಬಿಟ್ಟು ಹೋಗುವುದು ಹೇಗೆ? ಇಲ್ಲಿ ಕನ್ನಡವೇ ಕೈ ಹಿಡಿಯುತ್ತದೆ. ‘ಶ್ರೀಯುತ’ ಎಂದು ನಿಂತಿದ್ದೀರಿ ಎಂದುಕೊಳ್ಳಿ. ಅದಕ್ಕೆ ಒಂದು ‘ರು’ ಸೇರಿಸಿದರೆ ವಾಕ್ಯ ಪೂರ್ತಿಯಾಗುತ್ತದೆ: “ನಮ್ಮೆಲ್ಲರ ಗೌರವಕ್ಕೆ ಪಾತ್ರರಾದ ಶ್ರೀಯುತರು ಇಂದು ನಮ್ಮ ಮುಂದಿದ್ದಾರೆ.” ಇದರಲ್ಲಿ ಯಾವ ಕೊರತೆಯೂ ಕೇಳಿಸುವುದಿಲ್ಲ. ಹಿರಿಯರನ್ನು ಹೆಸರು ಹಿಡಿಯದೆ ಹೇಳುವುದೇ ನಮ್ಮಲ್ಲಿ ಗೌರವ. ‘ಶ್ರೀಮತಿ’ ಅಥವಾ ‘ಡಾಕ್ಟರ್’ ಎಂದು ನಿಂತಾಗ ಈ ಉಪಾಯ ಅಷ್ಟು ಚೆನ್ನಾಗಿ ಕೂರುವುದಿಲ್ಲ. ಆಗ ಎರಡು ಸೆಕೆಂಡು ನಿಂತು, ಅತಿಥಿಗಳ ಕಡೆ ತಿರುಗಿ, “ನಮ್ಮ ಇಂದಿನ ಮುಖ್ಯ ಅತಿಥಿಗಳು” ಎಂದು ಹೊಸದಾಗಿ ಶುರುಮಾಡಬಹುದು. ತಿರುಗಿ ನೋಡುವುದು ಮುಖ್ಯ. ಆ ಮೌನ ಅವರಿಗೆ ಕೊಟ್ಟ ಗೌರವದಂತೆ ಕಾಣುತ್ತದೆ.

ಅಲ್ಲಿಂದ ಚೆನ್ನಾಗಿ ಗೊತ್ತಿರುವ ಒಂದು ಸಂಗತಿಗೆ ಹೋಗಬೇಕು. ನನ್ನ ಮಟ್ಟಿಗೆ ಅದು ಸೈಕಲ್ ಟ್ಯೂಬಿನ ಕಥೆಯಾಗಬೇಕಿತ್ತು. ಅದನ್ನು ಹೇಳುತ್ತಿರುವಾಗಲೇ ಕೈಯಲ್ಲಿರುವ ಆಹ್ವಾನ ಪತ್ರಿಕೆಯತ್ತ ಕಣ್ಣು ಹಾಯಿಸಬಹುದು. ಹೆಸರು ಸಿಕ್ಕ ಮೇಲೆ ಅದನ್ನು ವಾಕ್ಯದ ನಡುವೆ ತುರುಕದೆ, ಪೂರ್ತಿ ಹೆಸರಿಗೆ ಒಂದು ಬೇರೆ ವಾಕ್ಯ ಕೊಡಬೇಕು: “ಅವರೇ ಶ್ರೀ...” ಎಂದು ನಿಧಾನವಾಗಿ. ಹೆಸರನ್ನು ಕೊನೆಗೆಂದೇ ಉಳಿಸಿಕೊಂಡಿದ್ದರು ಎಂದು ಸಭೆ ತಿಳಿದು ಚಪ್ಪಾಳೆ ಹೊಡೆಯುತ್ತದೆ.

ಸಾಲು ಮರೆತದ್ದಕ್ಕೆ ಚಿಕಿತ್ಸೆ ಬೇರೆ. ಕಂಠಪಾಠದಲ್ಲಿ ಒಂದು ಸಾಲು ಮುಂದಿನ ಸಾಲನ್ನು ಎಳೆದು ತರುತ್ತದೆ, ಒಂದು ಕೊಂಡಿ ಕಳಚಿದರೆ ಉಳಿದದ್ದೆಲ್ಲ ಹೋಗುತ್ತದೆ. ಕೊನೆಯ ವಾಕ್ಯವನ್ನೇ ಒತ್ತಿ ಮತ್ತೊಮ್ಮೆ ಹೇಳಿದರೆ ಎಷ್ಟೋ ಸಲ ಮುಂದಿನದು ಬರುತ್ತದೆ. ಬರದಿದ್ದರೆ ಅದನ್ನು ಬಿಟ್ಟು ಮುಂದಿನ ವಿಷಯಕ್ಕೆ ದಾಟಬೇಕು. ನಿಮ್ಮ ಪುಟ ಸಭೆಯ ಕೈಯಲ್ಲಿಲ್ಲ. ದಾಟಲು ಮೆಟ್ಟಿಲುಗಳು ಬೇಕು, ಅದಕ್ಕೆ ಪುಟದ ಬದಲು ಊರು, ಓದು, ವೃತ್ತಿ, ಒಂದು ಘಟನೆ, ಇಂದಿನ ವಿಷಯ ಎಂಬ ಐದು ಮಾತುಗಳನ್ನು ನೆನಪಿಡುವುದು ವಾಸಿ.

ನಾವು ಮಾಡಿ ನೋಡಿದ್ದು

ತಂಡದವರೆಲ್ಲ ಸೇರಿ ಸೂಕ್ಷ್ಮ ಬೋಧನೆಯ ಕ್ರಮದಲ್ಲೇ ಇದನ್ನು ಅಭ್ಯಾಸ ಮಾಡಿದೆವು. ಬೋಧನೆ 6 ನಿಮಿಷ, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6 ಎಂಬ 36 ನಿಮಿಷದ ಚಕ್ರ ನಮಗೆಲ್ಲ ಗೊತ್ತಿರುವುದೇ. ನಾವು ಬೋಧನೆಯ ಜಾಗದಲ್ಲಿ ಎರಡು ನಿಮಿಷದ ಪರಿಚಯ ಭಾಷಣ ಇಟ್ಟೆವು. ಕೇಳುಗರಲ್ಲಿ ಒಬ್ಬರು ಯಾವಾಗ ಬೇಕಾದರೂ ಒಂದು ಚಪ್ಪಾಳೆ ತಟ್ಟುತ್ತಾರೆ, ತಟ್ಟಿದ ಕೂಡಲೇ ಮಾತಾಡುವವರು ಮುಂದಿನ ಪದವನ್ನು ಮರೆತಂತೆ ನಡೆದುಕೊಳ್ಳಬೇಕು. ವೀಕ್ಷಕರು ಬರೆಯುವುದು ಮೂರೇ: ಎಷ್ಟು ಸೆಕೆಂಡು ನಿಂತರು, ಕೈ ಎಲ್ಲಿಗೆ ಹೋಯಿತು, ಕ್ಷಮೆ ಕೇಳಿದರೇ.

ಮೊದಲ ಸುತ್ತಿನಲ್ಲಿ ಆರರಲ್ಲಿ ನಾಲ್ವರು ‘ಸಾರಿ’ ಎಂದೆವು, ಎರಡನೆಯದರಲ್ಲಿ ಒಬ್ಬರು. ಪದಶಃ ಬಾಯಿಪಾಠ ಮಾಡಿದವರಿಗೇ ಹೆಚ್ಚು ಕಷ್ಟವಾಯಿತು. ನಾವು ನಿರೀಕ್ಷಿಸದ ತಪ್ಪೊಂದು ಎರಡನೇ ಸುತ್ತಿನಲ್ಲಿ ಬಂತು. ಗೆಳೆಯನೊಬ್ಬ ‘ಶ್ರೀಯುತರು’ ಎಂದು ಬಹಳ ಚೆನ್ನಾಗಿ ದಾಟಿದ, ಸೊಗಸಾಗಿ ಮಾತಾಡಿದ, ಹೆಸರು ಹೇಳದೆಯೇ ಕುಳಿತ. ಅವನಿಗೂ ಗೊತ್ತಾಗಲಿಲ್ಲ, ನಮಗೂ ತಕ್ಷಣ ಹೊಳೆಯಲಿಲ್ಲ. ಅತಿಥಿಯ ಪಾತ್ರ ವಹಿಸಿ ಕುಳಿತಿದ್ದವಳಿಗೆ ಮಾತ್ರ ಗೊತ್ತಾಯಿತು. ನಿಜವಾದ ಸಭೆಯಲ್ಲಿ ಹೀಗಾದರೆ ವಂದನಾರ್ಪಣೆ ಮಾಡುವವರಿಗೆ ಚೀಟಿ ಕಳಿಸಿ ಪೂರ್ತಿ ಹೆಸರು ಹೇಳಿಸಬೇಕು.

ಹೆಸರನ್ನೇ ತಪ್ಪಾಗಿ ಹೇಳಿದರೆ ಮಾತ್ರ ಈ ಯಾವ ಜಾಣತನವೂ ನಡೆಯುವುದಿಲ್ಲ. ಆ ‘ಶಿ’ ಮೇಷ್ಟ್ರ ಹೆಸರು ನನ್ನ ಬಾಯಿಂದ ಬಿದ್ದಿದ್ದರೆ ಕೂಡಲೇ ನಿಲ್ಲಿಸಿ, ಅತಿಥಿಗಳನ್ನು ನೋಡಿ “ಕ್ಷಮಿಸಿ ಸರ್” ಎಂದು ಒಮ್ಮೆ ಹೇಳಿ, ಸರಿಯಾದ ಹೆಸರು ಹೇಳಬೇಕಿತ್ತು. ಹೆಸರೇ ಹೊಳೆಯದಿದ್ದರೆ ಪತ್ರಿಕೆಯನ್ನು ಮುಚ್ಚುಮರೆಯಿಲ್ಲದೆ ತೆಗೆದು ನೋಡಬೇಕು. ಕಾರಣ ಹೇಳುತ್ತಾ ಹೋಗಬಾರದು. ಟೆನ್ಷನ್ ನಮ್ಮದು, ಹೆಸರು ಅವರದು.

ಈಗ ನಾನು ಅಂಗೈಯಷ್ಟು ರಟ್ಟಿನ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಹೆಸರನ್ನು ಮಾತ್ರ ಬರೆದುಕೊಂಡು ಹೋಗುತ್ತೇನೆ. ಒಂಬತ್ತನೇ ತರಗತಿಯ ಆ ಹುಡುಗಿಗೂ ಚಪ್ಪಾಳೆಯ ಆಟ ಆಡಿಸಿದೆವು, ಅವಳಿಗೂ ಒಂದು ಚೀಟಿ ಮಾಡಿಕೊಟ್ಟೆ.

ನಮ್ಮ ಬೀಳ್ಕೊಡುಗೆಯ ದಿನ ಆರು ಜನ ಪ್ರಶಿಕ್ಷಣಾರ್ಥಿಗಳನ್ನು ಪರಿಚಯಿಸುವ ಕೆಲಸ ಅವಳಿಗೇ ಬಂತು. ಮೂರು ಹೆಸರು ಸರಾಗವಾಗಿ ಹೇಳಿ ನಾಲ್ಕನೆಯದಕ್ಕೆ ನಿಂತಳು. ಕೈ ಹಣೆಗೆ ಹೋಗಲಿಲ್ಲ. “ನಮಗೆ ಬೆಳಕಿನ ಪಾಠ ಮಾಡಿದ ಮಿಸ್” ಎಂದು ನನ್ನತ್ತ ನೋಡಿ, ಬೆಳಕಿನ ಪಾಠದಲ್ಲಿ ನಾನು ತಂದಿದ್ದ ಸ್ಟೀಲ್ ಚಮಚದ ಬಗ್ಗೆ ಎರಡು ಮಾತು ಹೇಳಿದಳು. ಹೇಳುತ್ತಲೇ ಚೀಟಿ ನೋಡಿ, ನನ್ನ ಹೆಸರನ್ನು ತಂದೆಯ ಇನಿಷಿಯಲ್ ಸಮೇತ ಓದಿದಳು.