ಹತ್ತಿರದ ಭಾಷೆ, ದೂರದ ತುಟಿ

ತೆಲುಗು ಚಿತ್ರಕ್ಕೆ ಕನ್ನಡ ಸಂಭಾಷಣೆ ಬರೆಯೋದು ಸುಲಭ ಅಂತ ನಿನಗೆ ಯಾರಾದರೂ ಹೇಳಿದ್ದರೆ, ಆ ಮಾತನ್ನು ಅರ್ಧ ಮಾತ್ರ ನಂಬು, ತಮ್ಮಾ. ಎರಡೂ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ. ನಟ ಯಾವ ಪದದ ಮೇಲೆ ಬೆರಳೆತ್ತಿದನೋ, ಕನ್ನಡದಲ್ಲೂ ಸಾಮಾನ್ಯವಾಗಿ ಅದೇ ಪದ ಅದೇ ಜಾಗಕ್ಕೆ ಬಂದು ಕೂರುತ್ತದೆ. ಇಂಗ್ಲಿಷ್ ಚಿತ್ರವಾದರೆ ಇಡೀ ವಾಕ್ಯವನ್ನು ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ. ಆ ಕಷ್ಟ ಇಲ್ಲಿಲ್ಲ, ಸುಲಭದ ಅರ್ಧ ಇದು. ಇನ್ನರ್ಧ ತುಟಿಯದು. ಅರ್ಥದಲ್ಲಿ, ಮೂಲದಲ್ಲಿ ತೀರಾ ಹತ್ತಿರವಿರುವ ಪದವೇ ಎಷ್ಟೋ ಸಲ ಪರದೆಯ ಮೇಲೆ ಕೈಕೊಡುತ್ತದೆ. ಅದು ಯಾಕೆ, ಅದಕ್ಕೇನು ಮಾಡಬೇಕು ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ನೋಡುವವನ ಕಣ್ಣಿಗೆ ಬಾಯಿಯ ಎಲ್ಲ ಚಲನೆಯೂ ಒಂದೇ ಸಮ ಕಾಣುವುದಿಲ್ಲ. ತ, ದ, ನ, ಕ, ಗ, ಲ ಇವೆಲ್ಲ ನಾಲಿಗೆಯ ಕೆಲಸ. ಬಾಯೊಳಗೆ ನಡೆಯುವುದರಿಂದ ಅವನ್ನು ಅದಲು ಬದಲು ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಕಣ್ಣಿಗೆ ಬೀಳುವುದು ಪವರ್ಗ: ಪ, ಬ, ಭ, ಮ ಬಂದಾಗ ಎರಡು ತುಟಿಯೂ ಪೂರ್ತಿ ಮುಚ್ಚಲೇಬೇಕು. ಪರದೆಯಲ್ಲಿ ತುಟಿ ಮುಚ್ಚಿದ್ದು ಧ್ವನಿಯಲ್ಲಿ 'ನ' ಕೇಳಿಸಿದರೆ, ಅಥವಾ ತುಟಿ ತೆರೆದೇ ಇದ್ದು 'ಮ' ಕೇಳಿಸಿದರೆ, ಯಾವ ತರಬೇತಿಯೂ ಇಲ್ಲದ ಪ್ರೇಕ್ಷಕನಿಗೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ಸ್ವರಗಳು ಎರಡನೆಯ ಸಾಲಿನವು. ಆಕಾರಕ್ಕೆ ದವಡೆ ಇಳಿಯುತ್ತದೆ, ಉ ಮತ್ತು ಒಕಾರಕ್ಕೆ ತುಟಿ ದುಂಡಾಗುತ್ತದೆ, ಇ ಮತ್ತು ಎಕಾರಕ್ಕೆ ಅಗಲವಾಗುತ್ತದೆ. ಇವು ಕ್ಲೋಸಪ್‌ನಲ್ಲಿ ಮುಖ್ಯ, ದೂರದ ಶಾಟ್‌ನಲ್ಲಿ ಅಷ್ಟಿಲ್ಲ.

ಈಗ ಕನ್ನಡದ ಕಥೆ ಕೇಳು. ಹಳಗನ್ನಡದ ಎಷ್ಟೋ ಪದಗಳ ಮೊದಲಿನ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು. ತೆಲುಗಿನಲ್ಲಿ ಅದು ಪಕಾರವಾಗಿಯೇ ಉಳಿಯಿತು. ಅವರ ಪುಲಿ ನಮಗೆ ಹುಲಿ, ಪಾಲು ಹಾಲು, ಪಂದಿ ಹಂದಿ, ಪೇರು ಹೆಸರು. ಅಂದರೆ ಅವರ ತುಟಿ ಮುಚ್ಚುವ ಜಾಗದಲ್ಲಿ ನಮ್ಮದು ತೆರೆದಿರುತ್ತದೆ. ವಕಾರದಲ್ಲಿ ಇದರ ತದ್ವಿರುದ್ಧ. ಅವರ ವೇರು ನಮಗೆ ಬೇರು, ವಿಲ್ಲು ಬಿಲ್ಲು, 'ವಸ್ತಾನು' ನಮಗೆ 'ಬರ್ತೀನಿ'. ವಕಾರಕ್ಕೆ ಕೆಳತುಟಿ ಹಲ್ಲಿನ ಹತ್ತಿರ ಹೋಗುತ್ತದೆ ಅಷ್ಟೇ, ಮುಚ್ಚುವುದಿಲ್ಲ. ಅವರಿಗೆ ತುಟಿ ತೆರೆದಿರುವ ಕಡೆ ನಾವು ಮುಚ್ಚಿಬಿಡುತ್ತೇವೆ. ಬೀಳ್ಕೊಡುವಾಗ ಬರುವ 'ವಸ್ತಾನು' ಕ್ಲೋಸಪ್‌ನಲ್ಲಿದ್ದರೆ 'ಬರ್ತೀನಿ' ಬಿಟ್ಟು 'ಹೊರಟೆ' ಅನ್ನು. ಅರ್ಥವೂ ಕೆಡುವುದಿಲ್ಲ, ತುಟಿಯೂ ಕೆಡುವುದಿಲ್ಲ.

ಮೂರನೆಯದು ಪದದ ಕೊನೆ. ತೆಲುಗಿನ ಪ್ರಾಣಂ, ಮೋಸಂ, ಸಂತೋಷಂ ನಮ್ಮಲ್ಲಿ ಪ್ರಾಣ, ಮೋಸ, ಸಂತೋಷ. ಅವರದು ಬರಹದಲ್ಲಿ ತುಟಿ ಮುಚ್ಚಿ ಮುಗಿಯುತ್ತದೆ, ನಮ್ಮದು ತೆರೆದೇ ಮುಗಿಯುತ್ತದೆ. 'ಬರಹದಲ್ಲಿ' ಅಂದಿದ್ದಕ್ಕೆ ಕಾರಣವಿದೆ. ಆಡುಮಾತಿನಲ್ಲಿ ಆ ಕೊನೆಯ ಸೊನ್ನೆ ಎಷ್ಟೋ ಸಲ ಮೂಗಿನಲ್ಲೇ ಕರಗಿ ಹೋಗುತ್ತದೆ, ತುಟಿ ಪೂರ್ತಿ ಕೂಡುವುದೇ ಇಲ್ಲ. ತಮಿಳಿನ ಮರಂ, ಪಣಂಗಳಲ್ಲೂ ಹಾಗೆಯೇ. ಅದಕ್ಕೇ ಸ್ಕ್ರಿಪ್ಟ್ ಓದಿ ತುಟಿ ಲೆಕ್ಕ ಹಾಕಬೇಡ. ಮೊದಲು ಧ್ವನಿ ಪೂರ್ತಿ ನಿಲ್ಲಿಸಿ ದೃಶ್ಯ ನೋಡು. ಮೂಲ ಸಾಲಿನ ಮೇಲೆ, ತುಟಿ ನಿಜವಾಗಿ ಮುಚ್ಚಿದ ಕಡೆ ಒಂದು ಸುತ್ತು ಹಾಕು, ನಟ ನಿಲ್ಲಿಸಿದ ಕಡೆ ಗೀಟು ಎಳೆ, ಮುಖ ತಿರುಗಿದ ಅಥವಾ ಬೇರೆಯವರ ಮೇಲೆ ಕಟ್ ಆದ ಜಾಗಕ್ಕೆ ಅಡಿಗೆರೆ ಹಾಕು. ಅರ್ಥದ ಕೆಲಸ ಶುರುವಾಗುವುದು ಅದಾದ ಮೇಲೆ.

ಒಂದು ಕಲ್ಪಿತ ದೃಶ್ಯದಲ್ಲಿ ಇದನ್ನು ಮಾಡಿ ನೋಡೋಣ. ಜಮೀನು ಕೇಳಲು ಮತ್ತೆ ಬಂದ ದಲ್ಲಾಳಿಗೆ ರೈತನ ಮಗ ಹೇಳುತ್ತಾನೆ: 'ಎನ್ನಿಸಾರ್ಲು ಚೆಪ್ಪಾಲಿ ನೀಕು? ಆ ಪೊಲಂ ಅಮ್ಮನು. ಅದಿ ಮಾ ನಾನ್ನ ಪ್ರಾಣಂ.' ಮುಖ ಕ್ಲೋಸಪ್‌ನಲ್ಲಿದೆ. 'ಅಮ್ಮನು' ಅನ್ನುತ್ತಲೇ ಅವನು ಹೊಲದ ಕಡೆ ತಿರುಗುತ್ತಾನೆ, ಮತ್ತೆ ಕ್ಯಾಮೆರಾ ಕಡೆ ಮುಖ ಮಾಡಿ ಕೊನೆಯ ವಾಕ್ಯ ಹೇಳುತ್ತಾನೆ.

ಪುಸ್ತಕದ ಕನ್ನಡದಲ್ಲಿ ಮೊದಲ ವಾಕ್ಯ 'ಎಷ್ಟು ಬಾರಿ ಹೇಳಬೇಕು ನಿನಗೆ' ಆಗುತ್ತದೆ. ಎರಡು ತೊಂದರೆ. 'ಬಾ' ಬರುವ ಹೊತ್ತಿಗೆ ನಟನ ಬಾಯಿ 'ಸಾ' ಅನ್ನುತ್ತಿದೆ, ತುಟಿ ತೆರೆದಿದೆ. ಮೇಲಾಗಿ ಮಾತು ಉದ್ದವಾಯಿತು. ಆಡುಮಾತಿಗೆ ಇಳಿಸು: 'ಎಷ್ಟು ಸಾರಿ ಹೇಳ್ಬೇಕು ನಿಂಗೆ?' ಈಗ 'ಸಾ'ಗೆ 'ಸಾ' ಸಿಕ್ಕಿತು. 'ಚೆಪ್ಪಾಲಿ'ಯಲ್ಲಿ ತುಟಿ ಮುಚ್ಚುವ ಜಾಗಕ್ಕೇ 'ಹೇಳ್ಬೇಕು' ಪದದ 'ಬೇ' ಬಂತು. ಉದ್ದ ಅಳೆಯಲು ಅಕ್ಷರ ಎಣಿಸಬೇಡ, ಮಾತ್ರೆ ಎಣಿಸು. ಶಾಲೆಯಲ್ಲಿ ಕಲಿತ ಲಘು ಒಂದು, ಗುರು ಎರಡು ಎಂಬ ಲೆಕ್ಕವೇ ಸಾಕು, ಛಂದಸ್ಸಿನ ಉಳಿದ ನಿಯಮಗಳು ಬೇಡ. ತೆಲುಗಿನ ವಾಕ್ಯ 14 ಮಾತ್ರೆ, ನಿನ್ನದೂ 14. ಕಂಠದಾನ ಮಾಡುವವರು ಓಡಬೇಕಾಗಿಲ್ಲ, ಎಳೆಯಬೇಕಾಗಿಲ್ಲ.

ಎರಡನೆಯ ವಾಕ್ಯದಲ್ಲೇ ಬಲೆ ಇರುವುದು. 'ಪೊಲಂ' ಎಂದ ಕೂಡಲೇ ಕೈ ತಾನಾಗಿ 'ಹೊಲ' ಎಂದು ಬರೆಯುತ್ತದೆ. ಎರಡೂ ಒಂದೇ ಬೇರಿನ ಪದ. ಆದರೆ ನಟನ ತುಟಿ ಇಲ್ಲಿ ಮೂರು ಸಲ ಮುಚ್ಚಿದೆ: 'ಪೊ' ಅನ್ನುವಾಗ, 'ಲಂ' ಮುಗಿಯುವಾಗ, 'ಅಮ್ಮ' ಅನ್ನುವಾಗ. 'ಆ ಹೊಲ ಮಾರಲ್ಲ' ಅಂದರೆ ನಮಗೆ ಸಿಗುವುದು 'ಮಾ' ಒಂದೇ. 'ಆ ಭೂಮಿ ಮಾರಲ್ಲ' ಅಂದು ನೋಡು. 'ಭೂ', 'ಮಿ', 'ಮಾ', ಮೂರೂ ಸಿಕ್ಕವು, ಅದೇ ಅನುಕ್ರಮದಲ್ಲಿ. 'ಭೂ' ದೀರ್ಘವಾದ್ದರಿಂದ 'ಪೊಲ' ಎಂಬ ಎರಡು ಲಘುಗಳ ಕಾಲವನ್ನು ತಾನೇ ತುಂಬುತ್ತದೆ, 'ಮಿ' ಸರಿಯಾಗಿ ಸೊನ್ನೆಯ ಜಾಗಕ್ಕೆ ಬೀಳುತ್ತದೆ. ತೆಲುಗಿನದು 9 ಮಾತ್ರೆ, ನಮ್ಮದು 10. ಬಾಲ ಸ್ವಲ್ಪ ಉದ್ದವಾಯಿತು. ಆದರೆ ಅವನು ಅಲ್ಲಿಗೆ ಮುಖ ತಿರುಗಿಸುತ್ತಾನಲ್ಲ, ಹೆಚ್ಚಾದ 'ಲ್ಲ' ಬೆನ್ನಿಗೆ ಹೋಗಿ ಬೀಳುತ್ತದೆ. ಅಡಿಗೆರೆ ಹಾಕಲು ಹೇಳಿದ್ದು ಇದಕ್ಕೇ.

ಇದಕ್ಕಿಂತ ಚೆನ್ನಾಗಿ ತುಟಿಗೆ ಕೂರುವ ಇನ್ನೊಂದು ಸಾಲಿದೆ: 'ಆ ಭೂಮಿ ಮಾರ್ಬಾರ್ದು.' ಅಕ್ಷರಗಳು ಆರಕ್ಕೆ ಆರು, 'ಅಮ್ಮನು' ಪದದ ಮುಚ್ಚಿದ ತುಟಿಗೆ 'ಬಾ', ಕೊನೆಯ 'ನು' ದುಂಡಾದ ಕಡೆ 'ದು'. ಲಿಪ್ ಸಿಂಕ್ ಮಾತ್ರ ನೋಡುವವರು ಇದನ್ನೇ ಆರಿಸುತ್ತಾರೆ. ನೀನು ಆರಿಸಬೇಡ. 'ಅಮ್ಮನು' ಅಂದವನು ತಾನೇ ನಿರ್ಧಾರ ಮಾಡಿ ಆಗಿದೆ. 'ಮಾರ್ಬಾರ್ದು' ಅನ್ನುವವನು ಯಾರೋ ಹಾಕಿದ ಕಟ್ಟಳೆಯನ್ನು ಒಪ್ಪಿಸುತ್ತಿದ್ದಾನೆ. ತುಟಿ ಕೂತಿತು, ಮನುಷ್ಯ ಬದಲಾದ. ಒಂದು ಮಾತ್ರೆ ಹೆಚ್ಚಾದದ್ದನ್ನು ಪ್ರೇಕ್ಷಕ ಗಮನಿಸುವುದಿಲ್ಲ. ಇವನನ್ನು ಹೀಗೆ ಮಾಡಿದರೆ ಮುಂದಿನ ದೃಶ್ಯದಲ್ಲಿ ಅವನು ಯಾಕಷ್ಟು ಹಟ ಹಿಡಿದ ಎಂಬುದೇ ಅರ್ಥವಾಗುವುದಿಲ್ಲ.

ಮೂರನೆಯದಕ್ಕೆ 'ಅದು ನಮ್ಮಪ್ಪನ ಪ್ರಾಣ' ಎಂಬುದು ಸಹಜ ಕನ್ನಡ. ಆದರೆ 'ನಾನ್ನ' ಎಂದು ತೆರೆದ ಬಾಯಿಯ ಮೇಲೆ 'ಪ್ಪ' ಬಂದು ಕೂರುತ್ತದೆ. 'ಅದೇ ನಮ್ ತಂದೆ ಪ್ರಾಣ' ಅನ್ನು. 'ಮಾ' ಜಾಗಕ್ಕೆ 'ನಮ್', 'ನಾನ್ನ' ಜಾಗಕ್ಕೆ ತುಟಿ ಮುಚ್ಚದ 'ತಂದೆ', 'ಪ್ರಾ'ಕ್ಕೆ 'ಪ್ರಾ'. ಅಗಲವಾದ 'ದಿ'ಗೆ ಅಗಲವಾದ 'ದೇ'. 11 ಮಾತ್ರೆಗೆ 11. ಹೊರಗಿನವನ ಮುಂದೆ ನಮ್ ತಂದೆ ಅನ್ನುವುದು ಆಡುಮಾತಿನಲ್ಲಿ ಇದ್ದೇ ಇದೆ. ಇದೇ ಮಾತನ್ನು ಅವನು ತಂಗಿಗೆ ಹೇಳುತ್ತಿದ್ದರೆ ಅದು ಬಾಯಿಗೆ ಬರದ ಮಾತಾಗುತ್ತಿತ್ತು, ಆಗ ಬೇರೆ ದಾರಿ ಹುಡುಕಬೇಕಿತ್ತು. ಉಳಿದದ್ದು 'ಪ್ರಾಣಂ' ಕೊನೆಯ ಸೊನ್ನೆ. ತುಟಿ ನಿಜವಾಗಿ ಮುಚ್ಚಿದ್ದರೂ ಇಲ್ಲಿ ಚಿಂತೆ ಬೇಡ. ಮಾತು ಮುಗಿದ ಮೇಲೆ ಯಾರೇ ಆದರೂ ಬಾಯಿ ಮುಚ್ಚುತ್ತಾರೆ, ನೋಡುವವನ ಕಣ್ಣು ಅದನ್ನು ಹಾಗೆಯೇ ಓದಿಕೊಳ್ಳುತ್ತದೆ. ವಾಕ್ಯದ ನಡುವೆ ಬರುವ ಸೊನ್ನೆಗೆ ಮಾತ್ರ ಈ ರಿಯಾಯಿತಿ ಇಲ್ಲ.

ಕಾಲದ ವಿಷಯದಲ್ಲಿ ಇನ್ನೊಂದು ತಿಳಿದಿರಲಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ತುಟಿ ಮುಚ್ಚಿರುವ ಹೊತ್ತು ಸುಮಾರು ಎರಡು ಫ್ರೇಮ್ ಅಷ್ಟೇ. ಚಿತ್ರಕ್ಕಿಂತ ಧ್ವನಿ ಸುಮಾರು 45 ಮಿಲಿಸೆಕೆಂಡ್ ಮೊದಲೇ ಬಂದರೆ ಜನಕ್ಕೆ ಗೊತ್ತಾಗಿಬಿಡುತ್ತದೆ, ಹಿಂದೆ ಬಿದ್ದರೆ ಸುಮಾರು 125 ಮಿಲಿಸೆಕೆಂಡ್ ತನಕ ಗೊತ್ತಾಗುವುದಿಲ್ಲ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಅಂದರೆ ಮುಂದಕ್ಕೆ ಒಂದೇ ಫ್ರೇಮ್, ಹಿಂದಕ್ಕೆ ಮೂರು. ಹಾಗಾಗಿ ಪವರ್ಗದ ಅಕ್ಷರ ಒಂಚೂರು ತಡವಾಗುವಂತೆ ಬರೆದರೂ ಬರೆ, ಮೊದಲೇ ಬರುವಂತೆ ಬರೆಯಬೇಡ. ವಾಕ್ಯದ ಆರಂಭದಲ್ಲಿ ಇದು ಇನ್ನೂ ಬಿಗಿ. ತುಟಿ ಅಲುಗುವ ಮುನ್ನ ಮಾತು ಕೇಳಿಸಿದರೆ ಆಮೇಲಿನ ಇಡೀ ಸಾಲಿನ ಮೇಲೆ ಅನುಮಾನ ಬರುತ್ತದೆ.

ಕಿವಿಯ ಪರೀಕ್ಷೆಯನ್ನು ಬೇರೆಯಾಗಿಯೇ ಮಾಡು. ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ತಡೆ ಇತ್ತು, 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ನಂತರ ಅದು ಸಡಿಲವಾಯಿತು. ಅಲ್ಲಿಯವರೆಗೆ ನಮ್ಮ ಪ್ರೇಕ್ಷಕರ ಕಿವಿ ನೇರ ಕನ್ನಡ ಚಿತ್ರಗಳಲ್ಲೇ ಬೆಳೆದದ್ದು. ತುಟಿಗಾಗಿ ತಿರುಚಿದ ವಾಕ್ಯವನ್ನು ಅದು ತಕ್ಷಣ ಹಿಡಿಯುತ್ತದೆ. ಬರೆದ ಪುಟವನ್ನು ಚಿತ್ರ ಗೊತ್ತಿಲ್ಲದವರಿಗೆ ಓದಿ ಹೇಳು, ಪರದೆ ತೋರಿಸಬೇಡ. ಎಲ್ಲಿ ಅವರು 'ಏನಂದೆ?' ಎಂದು ಕೇಳುತ್ತಾರೋ ಆ ಸಾಲು ತುಟಿಗೆ ಎಷ್ಟೇ ಕೂತಿದ್ದರೂ ಹೊಡೆದುಹಾಕು. ತುಟಿಗೆ ಒಂದು ಪವರ್ಗ ಬೇಕೇ ಬೇಕಾದಾಗ ನಮ್ಮ ಆಡುಮಾತಿನಲ್ಲೇ ಸಾಮಾನು ಇದೆ: ಕಣಪ್ಪ, ಕಣಮ್ಮ, ಮಾರಾಯ, ಬಿಡು, ಪಾಪ, ಮತ್ತೆ. ವಾಕ್ಯದ ಕೊನೆಗೆ 'ನಾನು', 'ನೀನು' ಎಳೆದು ತರುವುದೂ ಮಾತಿನ ಸಹಜ ರೂಢಿಯೇ. ಆದರೆ ಎಲ್ಲ ಪಾತ್ರಕ್ಕೂ ಮಾರಾಯ ಹೊಂದುವುದಿಲ್ಲ. ಕರಾವಳಿ, ಮಲೆನಾಡಿನ ನಾಲಿಗೆಗೆ ಒಪ್ಪುವ ಆ ಪದವನ್ನು ರಾಯಚೂರಿನ ರೈತನ ಬಾಯಿಗೆ ತುಟಿಯ ನೆಪದಲ್ಲಿ ತುರುಕಬೇಡ.

ತುಟಿ, ಮಾತ್ರೆ, ಅರ್ಥ ಈ ಮೂರನ್ನೂ ಕೂಡಿಸಲು ಆಗದ ಸಾಲು ಬಂದೇ ಬರುತ್ತದೆ. ಆಗ ಬಿಟ್ಟುಕೊಡುವ ಸರದಿ ಹೀಗಿರಲಿ: ಮೊದಲು ಸ್ವರದ ಆಕಾರ ಬಿಡು, ಆಮೇಲೆ ವಾಕ್ಯದ ನಡುವಿನ ತುಟಿ ಬಿಡು, ಅದಕ್ಕೂ ಆಚೆ ಬೇಕಾದರೆ ಒಂದೆರಡು ಮಾತ್ರೆ. ಕ್ಲೋಸಪ್‌ನಲ್ಲಿ ಸಾಲಿನ ಮೊದಲ ತುಟಿಯನ್ನು, ಎಲ್ಲಿಯೇ ಆಗಲಿ ಪಾತ್ರದ ಮಾತನ್ನು ಬಿಡಬೇಡ. ಅಂಥ ಸಾಲಿಗೆ ಎರಡು ರೂಪ ಬರೆದಿಟ್ಟುಕೊಂಡು ರೆಕಾರ್ಡಿಂಗ್ ದಿನ ನೀನೇ ಸ್ಟುಡಿಯೋಗೆ ಹೋಗು. ಎರಡನ್ನೂ ಕಂಠದಾನ ಕಲಾವಿದರ ಬಾಯಲ್ಲಿ ಪರದೆಯ ಮುಂದೆ ಆಡಿಸಿ, ಯಾವುದು ನಿಲ್ಲುತ್ತದೆ ಎಂದು ನೋಡಿ ಆಮೇಲೆ ಇನ್ನೊಂದನ್ನು ಹೊಡೆದುಹಾಕು.