ಒಂದು ವಿಡಿಯೊ ದಿಢೀರನೆ ಓಡಿದ ಮೇಲೆ

ಕಂಬಂ ಕಣಿವೆಯ ಉತ್ತಮಪಾಳಯಂ ಸುತ್ತಮುತ್ತ ಮನೆಯೊಳಗೆ ಕನ್ನಡ, ಬೀದಿಗೆ ಬಂದರೆ ತಮಿಳು ಆಡುವ ಕಾಪ್ಪಿಲಿಯ ಕುಟುಂಬಗಳಿವೆ. ಅಂಥ ಒಂದು ಮನೆಯ ಹುಡುಗಿ ದ್ರಾಕ್ಷಿ ಚಪ್ಪರದ ಕೆಳಗೆ ಅಜ್ಜಿಯನ್ನು ಮಾತಾಡಿಸಿ, ಆರು ನಿಮಿಷದ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕಿದಳು ಎಂದುಕೊಳ್ಳಿ. ಅವಳ ಹಿಂದಿನ ವಿಡಿಯೊಗಳನ್ನು ನೋಡಿದವರು ನೂರಿನ್ನೂರು ಜನ. ಇದನ್ನು ಹತ್ತು ದಿನದಲ್ಲಿ ಒಂದು ಲಕ್ಷ ಸಲ ನೋಡಿದ್ದಾರೆ. ಈಗ ಅವಳು ಏನು ಮಾಡಬೇಕು?

ಮೊದಲು, ಆ ವಿಡಿಯೊವನ್ನು ಹಾಗೇ ಬಿಡಬೇಕು. ಚೆನ್ನಾಗಿ ಎಡಿಟ್ ಮಾಡಿ ಮತ್ತೆ ಹಾಕೋಣ ಎಂದು ಅಳಿಸಿದರೆ ನೋಟಗಳೂ ಕಾಮೆಂಟುಗಳೂ ಅದರೊಂದಿಗೇ ಹೋಗುತ್ತವೆ. ಹೊಸದು ಸೊನ್ನೆಯಿಂದ ಶುರುವಾಗುತ್ತದೆ. ಓಟ ನಡೆದಿರುವಾಗ ಶೀರ್ಷಿಕೆ, ಥಂಬ್‌ನೇಲ್ ಬದಲಾಯಿಸುವುದೂ ಬೇಡ.

ಮುಂದಿನ ಕೆಲಸ, ಜನ ಯಾಕೆ ಬಂದರು ಎಂದು ತಿಳಿಯುವುದು. ಇದರಲ್ಲೇ ಹೆಚ್ಚಿನವರು ಎಡವುತ್ತಾರೆ. ಕಂಬಂ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ, ಹಾಗಾಗಿ ದ್ರಾಕ್ಷಿಗೇ ಬಂದರು ಎಂದು ಹುಡುಗಿಗೆ ಅನ್ನಿಸುವುದು ಸಹಜ. ಆದರೆ ಯೂಟ್ಯೂಬ್ ಸ್ಟುಡಿಯೊದ ಅನಲಿಟಿಕ್ಸ್ ತೆರೆದು ನೋಡಲಿ. ನೋಡುವವರು ಎಲ್ಲಿ ಮತ್ತೆ ಹಿಂದಕ್ಕೆ ಹೋಗಿ ನೋಡಿದ್ದಾರೋ ಅಲ್ಲಿ ಗ್ರಾಫಿನ ಗೆರೆ ಉಬ್ಬಿರುತ್ತದೆ. ಅಜ್ಜಿ ನೆಂಟರಿಷ್ಟರ ಸುದ್ದಿ ಹೇಳುವ ಜಾಗದಲ್ಲಿ ಉಬ್ಬಿದ್ದು, ಕಾಮೆಂಟುಗಳಲ್ಲಿ ‘ಇದು ನಮ್ಮ ಕನ್ನಡವೇ? ಅಲ್ಲಿಗೆ ಹೇಗೆ ಹೋಯಿತು?’ ಎಂಬ ಪ್ರಶ್ನೆಯೇ ತುಂಬಿದ್ದರೆ, ಜನ ಬಂದದ್ದು ಅಜ್ಜಿಯ ಮಾತು ಕೇಳಲು. ದ್ರಾಕ್ಷಿಗೆ ಗೊಬ್ಬರ ಹಾಕುವ ವಿಡಿಯೊ ತಂದರೆ ಅವರು ನಿಲ್ಲುವುದಿಲ್ಲ.

ಆದ್ದರಿಂದ ಎರಡನೆಯ ವಿಡಿಯೊ ಹೆಚ್ಚು ಜನ ಕೇಳಿದ ಪ್ರಶ್ನೆಗೇ ಉತ್ತರವಾಗಲಿ: ಅದೇ ಅಜ್ಜಿ, ಅದೇ ಚಪ್ಪರ, ಅಡುಗೆಮನೆಯ ಪಾತ್ರೆ, ನೆಂಟರು, ದಿನದ ಕೆಲಸಗಳಿಗೆ ಅವರು ಬಳಸುವ ಹೆಸರುಗಳು. ವಾರದೊಳಗೆ ಬಂದರೆ ಒಳ್ಳೆಯದು, ಮೊದಲನೆಯದು ಇನ್ನೂ ಓಡುತ್ತಿರುತ್ತದೆ. ಅಜ್ಜಿಗೆ ದಣಿವಾದರೆ ಕಾಯಬೇಕು. ಅವರ ಒಪ್ಪಿಗೆಗಿಂತ ವೇಗ ದೊಡ್ಡದಲ್ಲ.

ಇನ್ನು ಸೇತುವೆ ಕಟ್ಟುವ ಕೆಲಸ. ಓಡಿದ ವಿಡಿಯೊದ ಕಾಮೆಂಟುಗಳ ತಲೆಯಲ್ಲಿ ಒಂದೇ ಒಂದನ್ನು ಪಿನ್ ಮಾಡಬಹುದು; ಹೊಸದನ್ನು ಪಿನ್ ಮಾಡಿದರೆ ಹಳೆಯದು ಕಳಚುತ್ತದೆ. ಅಲ್ಲಿ ಐದಾರು ಕೊಂಡಿ ತುರುಕಬೇಡಿ. ‘ಅಜ್ಜಿಯ ಮಾತು, ಎರಡನೇ ಭಾಗ ಇಲ್ಲಿದೆ’ ಎಂಬ ಒಂದು ಸಾಲು, ಒಂದು ಕೊಂಡಿ ಸಾಕು. ವಿವರಣೆಯ ಮೊದಲ ಸಾಲಿನಲ್ಲೂ ಅದೇ ಇರಲಿ. ವಿಡಿಯೊದ ಕೊನೆಯ 5ರಿಂದ 20 ಸೆಕೆಂಡಿನಲ್ಲಿ ಎಂಡ್ ಸ್ಕ್ರೀನ್ ಇಡಬಹುದು. ಹಳೆಯ ವಿಡಿಯೊಗೂ ಇದನ್ನು ಈಗ ಸೇರಿಸಲು ಬರುತ್ತದೆ. ಓಡಿದ್ದು ಶಾರ್ಟ್ಸ್ ಆಗಿದ್ದರೆ ದಾರಿ ಬೇರೆ. 2023ರ ಆಗಸ್ಟ್ ಕೊನೆಯಿಂದ ಶಾರ್ಟ್ಸ್‌ನ ಕಾಮೆಂಟು, ವಿವರಣೆಗಳಲ್ಲಿನ ಕೊಂಡಿ ಒತ್ತಿದರೆ ತೆರೆಯುವುದಿಲ್ಲ. ‘ಸಂಬಂಧಿತ ವಿಡಿಯೊ’ ಎಂಬ ಆಯ್ಕೆಯಲ್ಲಿ ಎರಡನೆಯದನ್ನು ಜೋಡಿಸಬೇಕು. ಹಣ್ಣು ಮಾರುವ ಕೊಂಡಿಯನ್ನು ಮಾತ್ರ ಅವಸರಪಟ್ಟು ಹಾಕಬಾರದು. ಪನ್ನೀರ್ ದ್ರಾಕ್ಷಿ ಮೆತ್ತಗಿನ ಹಣ್ಣು, ಬೇಗ ಕೆಡುತ್ತದೆ. ಬೆಂಗಳೂರಿಗೆ ಕಳಿಸುವ ಏರ್ಪಾಡಿಲ್ಲದೆ ಆರ್ಡರು ತೆಗೆದುಕೊಂಡರೆ ಬಂದ ಹೆಸರೂ ಕೆಡುತ್ತದೆ. ಮನೆಯ ಫೋನ್ ನಂಬರನ್ನಂತೂ ಹಾಕಲೇಬೇಡಿ.

ಈಗ ನಿರೀಕ್ಷೆಯ ಮಾತು. ಉದ್ದದ ವಿಡಿಯೊಗಳ ದಾರಿಯಲ್ಲಿ ಜಾಹೀರಾತಿನ ಹಣ ಬರಲು 1,000 ಚಂದಾದಾರರು ಮತ್ತು ಕಳೆದ 12 ತಿಂಗಳಲ್ಲಿ 4,000 ಗಂಟೆಯ ವೀಕ್ಷಣೆ ಬೇಕು. ನಮ್ಮ ಹುಡುಗಿಯ ಲೆಕ್ಕ ಹಾಕಿ: ಆರು ನಿಮಿಷದಲ್ಲಿ ಸರಾಸರಿ 2 ನಿಮಿಷ 24 ಸೆಕೆಂಡು ನೋಡಿದ್ದರೆ ಲಕ್ಷ ನೋಟಕ್ಕೆ 2,40,000 ನಿಮಿಷ, ಅಂದರೆ ಸರಿಯಾಗಿ 4,000 ಗಂಟೆ. ಒಂದೇ ವಿಡಿಯೊ ಅವಳನ್ನು ಬಾಗಿಲವರೆಗೆ ತಂದಿತು. ಆದರೆ ಅರ್ಜಿ ಒಪ್ಪಿಗೆಯಾಗುವ ಮುಂಚಿನ ನೋಟಗಳಿಗೆ ಹಣ ಸಿಗದು. ಶಾರ್ಟ್ಸ್ ಫೀಡಿನಲ್ಲಿ ನೋಡಿದ ಹೊತ್ತು ಈ ಗಂಟೆಗಳಿಗೆ ಸೇರುವುದೂ ಇಲ್ಲ.

ಓಟ ಎಷ್ಟು ದಿನ ಎಂಬುದನ್ನು ನೋಟಗಳ ಮೂಲ ಹೇಳುತ್ತದೆ. ಹೆಚ್ಚಿನವು ಮುಖಪುಟದಿಂದಲೋ ಪಕ್ಕದ ಸಲಹೆಯಿಂದಲೋ ಬಂದಿದ್ದರೆ ಯಾವತ್ತಾದರೂ ಒಮ್ಮೆಲೇ ನಿಂತುಹೋಗಬಹುದು. ಹುಡುಕಿ ಬಂದವರ ಪಾಲು ದೊಡ್ಡದಿದ್ದರೆ ಸಣ್ಣಗೆ ತಿಂಗಳುಗಟ್ಟಲೆ ಹರಿಯುತ್ತದೆ. ಎರಡನೆಯ ವಿಡಿಯೊವನ್ನು ಲಕ್ಷದೊಂದಿಗೆ ಹೋಲಿಸಬೇಡಿ, ಹಿಂದಿನ ಇನ್ನೂರರೊಂದಿಗೆ ಹೋಲಿಸಿ. ಅದು ಎರಡು ಸಾವಿರ ಮುಟ್ಟಿದರೆ, ಬಂದವರಲ್ಲಿ ಕೆಲವರು ಉಳಿದಿದ್ದಾರೆ. ಮೂರನೆಯದನ್ನು ಅವರಿಗಾಗಿ ಮಾಡಿ.